ಹೊರಡುವ ದಿನ ಕೇಳಿದರೆ ಅಪಚಾರವೇ?

ಹೋದ ತಿಂಗಳ ಸಂಚಿಕೆಯಲ್ಲಿ ನಾನೊಂದು ಸಣ್ಣ ಮಾತು ಬರೆದಿದ್ದೆ. ನೆಂಟರು ಬರುತ್ತೇವೆಂದು ಫೋನು ಮಾಡಿದಾಗ ಬರುವ ದಿನದ ಜತೆಗೆ ಹೊರಡುವ ದಿನವನ್ನೂ ಕೇಳಿಕೊಳ್ಳಬೇಕು. ಮೂರು ದಿನ ಮನೆ ಅವರದೇ. ಅದಕ್ಕೂ ಮೇಲೆ ಉಳಿಯುವುದಾದರೆ ಖರ್ಚಿನಲ್ಲೋ ಕೆಲಸದಲ್ಲೋ ಒಂದು ಪಾಲು ಹೊರಬೇಕು. ವಾರ ದಾಟುವುದಾದರೆ ಮನೆಯವರನ್ನು ಕೇಳಬೇಕು. ಇಷ್ಟೇ ನನ್ನ ಪ್ರಸ್ತಾಪ. ಬಂದ ಪತ್ರಗಳನ್ನು ಓದಿದರೆ ನಾನು ಕೆಂಗಲ್ಲಿನ ಆಂಜನೇಯನ ಗುಡಿಗೆ ಬೀಗ ಜಡಿಯಬೇಕೆಂದು ಬರೆದಿದ್ದೆನೇನೋ ಅನ್ನಿಸುತ್ತದೆ. ಮಾಗಡಿಯ ಹಿರಿಯರೊಬ್ಬರು ನನ್ನನ್ನು ಧರ್ಮಭ್ರಷ್ಟ ಎಂದಿದ್ದಾರೆ. ಕನಕಪುರದ ನಿವೃತ್ತ ಮೇಷ್ಟ್ರೊಬ್ಬರು ಜಿಪುಣ ಎಂದಿದ್ದಾರೆ. ಬೈಗುಳಕ್ಕೆ ಉತ್ತರ ಬೇಕಿಲ್ಲ, ವಾದಕ್ಕೆ ಬೇಕು. ಒಂದೊಂದಾಗಿ ಎತ್ತಿಕೊಳ್ಳುತ್ತೇನೆ, ಓದುಗರು ತೂಗಿ ನೋಡಲಿ.

ಮೊದಲನೆಯದು ಶಾಸ್ತ್ರದ ವಾದ. ಅತಿಥಿಯನ್ನು ದೇವರೆಂದು ಕಾಣಬೇಕು ಎಂದು ಉಪನಿಷತ್ತೇ ಹೇಳಿರುವಾಗ ದೇವರಿಗೆ ಗಡುವು ಹಾಕುವುದು ಹೇಗೆ ಎಂದು ಮಾಗಡಿಯ ಹಿರಿಯರ ಪ್ರಶ್ನೆ. ಆ ಮಾತು ಇರುವುದು ತೈತ್ತಿರೀಯದಲ್ಲಿ, ಓದು ಮುಗಿಸಿ ಹೊರಟ ಶಿಷ್ಯನಿಗೆ ಗುರು ಹೇಳುವ ಬುದ್ಧಿವಾದದಲ್ಲಿ. ಕೊಡುವಾಗ ನಿನ್ನ ಸಿರಿಗೆ ತಕ್ಕಂತೆ ಕೊಡು, ತಿಳಿದು ಕೊಡು ಎಂಬ ಅರ್ಥದ ಮಾತೂ ಅದೇ ಬುದ್ಧಿವಾದದಲ್ಲಿದೆ. ಅದನ್ನು ಹಿರಿಯರು ಯಾಕೋ ಬಿಟ್ಟುಬಿಟ್ಟಿದ್ದಾರೆ. ಇನ್ನು ಅತಿಥಿ ಎಂದರೆ ಯಾರು ಎಂಬುದನ್ನು ಮನುಸ್ಮೃತಿಯ ಮೂರನೇ ಅಧ್ಯಾಯ ಬಿಡಿಸಿ ಹೇಳುತ್ತದೆ. ಒಂದು ರಾತ್ರಿ ಮಾತ್ರ ತಂಗುವವನು ಅತಿಥಿ. ಅದೇ ಊರಿನವನು ಅಲ್ಲ. ಗೆಳೆಯರು ಅಲ್ಲ, ದಾಯಾದಿ ಬಂಧುಗಳೂ ಅಲ್ಲ. ಅಂದರೆ ಹಿರಿಯರು ನಂಬಿದ ಶಾಸ್ತ್ರದ ಪ್ರಕಾರ ಅವರ ತಮ್ಮನ ಮಗ ಅತಿಥಿಯ ಪಟ್ಟಿಯಲ್ಲೇ ಬರುವುದಿಲ್ಲ. ಇಪ್ಪತ್ತು ದಿನ ಉಳಿದರಂತೂ ಯಾರೂ ಬರುವುದಿಲ್ಲ. ಬೇರೆಯವರ ಅಡುಗೆಯ ಆಸೆಗೆ ಮನೆಯಿಂದ ಮನೆಗೆ ತಿರುಗುವ ಗೃಹಸ್ಥರು ಮುಂದಿನ ಜನ್ಮದಲ್ಲಿ ಅನ್ನ ಹಾಕಿದವರ ಮನೆಯ ದನಗಳಾಗಿ ಹುಟ್ಟುತ್ತಾರೆ ಎಂದೂ ಅದೇ ಅಧ್ಯಾಯದಲ್ಲಿದೆ. ಸಂಕ್ರಾಂತಿಯ ಆಸುಪಾಸಿಗೆ ಅಯ್ಯನಗುಡಿಯ ದನದ ಜಾತ್ರೆಗೆ ಹೋದಾಗ ಇದು ನೆನಪಾದರೆ ನನ್ನ ತಪ್ಪಲ್ಲ.

ನಾನು ಮನುವಿನ ಭಕ್ತನಲ್ಲ. ಬ್ರಾಹ್ಮಣನ ಮನೆಗೆ ಬಂದ ಶೂದ್ರನೂ ಅತಿಥಿಯಲ್ಲ ಎಂದು ಬರೆದ ಪುಸ್ತಕ ಅದು. ಆ ಲೆಕ್ಕದಲ್ಲಿ ನಮ್ಮ ಸೀಮೆಯ ಬಹುಪಾಲು ಜನ ಹೊರಗೇ ನಿಲ್ಲಬೇಕಾಗುತ್ತದೆ. ಶಾಸ್ತ್ರದ ಕೊಡೆ ಹಿಡಿದು ಬಂದವರಿಗೆ ಆ ಕೊಡೆಯಲ್ಲಿ ಎಷ್ಟು ತೂತುಗಳಿವೆ ಎಂದು ತೋರಿಸಬೇಕಿತ್ತು, ಅಷ್ಟೇ. ಚನ್ನಪಟ್ಟಣದ ಮುಸ್ಲಿಂ ಮಿತ್ರರೊಬ್ಬರು ನನ್ನ ಬರಹ ಓದಿ ನಕ್ಕು, ಇದರಲ್ಲಿ ಹೊಸದೇನಿದೆ ಎಂದರು. ಅತಿಥಿಸತ್ಕಾರ ಮೂರು ದಿನ, ಅದಕ್ಕೂ ಮೇಲೆ ಕೊಟ್ಟದ್ದು ದಾನ, ಮನೆಯವರಿಗೆ ಕಷ್ಟವಾಗುವವರೆಗೆ ಉಳಿಯುವುದು ಅತಿಥಿಗೆ ಸಲ್ಲದು ಎಂದು ಅವರ ಹದೀಸಿನಲ್ಲೇ ಇದೆ. ಇಷ್ಟು ದೂರ ದೂರದ ಎರಡು ಪರಂಪರೆಗಳು ನೆಂಟಸ್ತನಕ್ಕೆ ಗಡುವು ಹಾಕಿವೆ ಎಂದರೆ ಗಡುವಿಲ್ಲದ ನೆಂಟಸ್ತನವೇ ಧರ್ಮ ಎಂದವರು ಯಾವ ಗ್ರಂಥ ಓದಿದರೋ ಅವರೇ ಹೇಳಬೇಕು.

ಎರಡನೆಯ ವಾದ ಎಲ್ಲರಿಗೂ ಇಷ್ಟವಾಗುವಂಥದ್ದು. "ನಮ್ಮ ಕಾಲದಲ್ಲಿ ಮನೆ ತುಂಬ ನೆಂಟರಿರ್ತಿದ್ರು, ಯಾರೂ ದಿನ ಎಣಿಸ್ತಿರಲಿಲ್ಲ." ಮೇಷ್ಟ್ರು ಇದನ್ನು ಎರಡು ಪುಟ ಬರೆದಿದ್ದಾರೆ. ನಾನೂ ಇದೇ ಸೀಮೆಯವನು. ಆ ಕಾಲದ ನೆಂಟರು ಬಂದು ಏನು ಮಾಡುತ್ತಿದ್ದರು ಎಂಬುದನ್ನು ಮೇಷ್ಟ್ರು ಬರೆಯಲಿಲ್ಲ. ರಾಗಿ ಕೊಯ್ಲಿಗೆ ಬಂದ ಸೋದರಮಾವ ಕುಡುಗೋಲು ಹಿಡಿಯುತ್ತಿದ್ದ. ಅತ್ತೆ ಬಂದ ಮರುಬೆಳಗ್ಗೆಯೇ ಒಲೆ ಮುಂದೆ ಕೂತು ಹಿಟ್ಟು ತೊಳಸುತ್ತಿದ್ದಳು. ಬಂದವರ ಮಕ್ಕಳು ದನ ಹೊಡೆದುಕೊಂಡು ಹೋಗುತ್ತಿದ್ದರು. ಉಣ್ಣುವ ಬಾಯಿ ಎಷ್ಟೋ ದುಡಿಯುವ ಕೈ ಅದರ ಎರಡರಷ್ಟು. ಈಗ ಬಂದವರು ಸೋಫಾದ ಮೇಲೆ ಕಾಲು ಚಾಚಿ, ಫೋನಿನ ಪರದೆ ತೀಡುತ್ತ, "ಕಾಫಿ ಆಯ್ತಾ?" ಎಂದು ಕೂಗುತ್ತಾರೆ. ಎರಡಕ್ಕೂ ನೆಂಟಸ್ತನ ಎಂದು ಒಂದೇ ಹೆಸರಿಟ್ಟುಕೊಂಡು, ಹಳೆಯದರ ಗೌರವವನ್ನು ಹೊಸದಕ್ಕೆ ಎಳೆದುಕೊಳ್ಳುವುದು ಜಾಣತನ, ವಾದವಲ್ಲ. ಹಾಗೆಯೇ, ಯಾರೂ ಎಣಿಸುತ್ತಿರಲಿಲ್ಲ ಎಂಬ ಮಾತು. ಮೇಷ್ಟ್ರ ಮನೆಯ ಅಡುಗೆಮನೆಯಲ್ಲಿ ರಾಗಿ ವಾಡೆಯ ತಳ ಕಾಣುವುದನ್ನು ನೋಡುತ್ತಿದ್ದ ಅವರ ತಾಯಿಯನ್ನು ಯಾರಾದರೂ ಕೇಳಿದ್ದರೆ ಎಣಿಕೆ ಗೊತ್ತಾಗುತ್ತಿತ್ತು. ಯಾರೂ ಕೇಳಲಿಲ್ಲ.

ಆದರೆ ಈ ವಾದದ ನಿಜವಾದ ತಪ್ಪು ಬೇರೆಡೆ ಇದೆ, ಅದು ನಮ್ಮ ಜಿಲ್ಲೆಯವರಿಗಂತೂ ಕಾಣಬೇಕಿತ್ತು. ರಾಮನಗರದ ಗೂಡಿನ ಮಾರುಕಟ್ಟೆಯನ್ನು ನಂಬಿ ಬದುಕಿದ ಮನೆಗಳು ನಮ್ಮವು. ಹಿಂದೆ ಹುಳುವಿಗೆ ಬೇರೆ ಮನೆ ಎಲ್ಲಿತ್ತು? ನಾವು ಉಂಡು ಮಲಗುವ ನಡುಮನೆಯಲ್ಲೇ ತಟ್ಟೆಗಳು, ಸ್ಟ್ಯಾಂಡಿನ ಕಾಲಿಗೆ ಇರುವೆ ಹತ್ತದಂತೆ ನೀರಿನ ಬಟ್ಟಲು. ಮೊಟ್ಟೆಯೊಡೆದು ಗೂಡು ಕಟ್ಟುವವರೆಗೆ ಸುಮಾರು 25 ದಿನ, ನಡುವೆ ನಾಲ್ಕು ಜ್ವರ. ನಾಲ್ಕನೇ ಜ್ವರ ಎದ್ದ ಮೇಲಿನ ವಾರದಲ್ಲಿ ಹುಳು ಇಡೀ ಬೆಳೆಯ ಮುಕ್ಕಾಲಿಗೂ ಹೆಚ್ಚು ಸೊಪ್ಪು ತಿನ್ನುತ್ತದೆ. ಮನೆಯವರಿಗೆ ರಾತ್ರಿಯೂ ನಿದ್ದೆಯಿಲ್ಲ. ಆ ದಿನಗಳಲ್ಲಿ ಯಾರು ಬಂದರೂ ಜಗುಲಿಯಲ್ಲೇ ಮಾತು. ಒಳಗೆ ಹೋಗಬೇಕಾದವರು ಕಾಲು ತೊಳೆದು, ಬಾಗಿಲಲ್ಲಿ ಹಾಸಿದ ಸುಣ್ಣ ತುಳಿದು ಹೋಗಬೇಕು. ಬೀಡಿ ಹಚ್ಚುವಂತಿಲ್ಲ, ಹೊಗೆಸೊಪ್ಪು ಮುಟ್ಟಿದ ಕೈಯಲ್ಲಿ ಸೊಪ್ಪು ಮುಟ್ಟುವಂತಿಲ್ಲ. ಇನ್ನೊಂದು ಹುಳುಮನೆಯಿಂದ ನೇರ ಬಂದ ಭಾವನನ್ನಂತೂ ಹೊಸ್ತಿಲು ದಾಟಿಸುತ್ತಿರಲಿಲ್ಲ. ಹಾಲುತೊಂಡೆಯೋ ಸುಣ್ಣಕಟ್ಟೋ ಯಾವ ಕಾಲಿಗೆ ಅಂಟಿ ಬರುತ್ತದೆಯೋ ಯಾರಿಗೆ ಗೊತ್ತು? ಬಂಗಾಳದಿಂದ ತಂದ ಗೂಡಿನ ಜತೆ 1980ರಲ್ಲಿ ಊಜಿ ನೊಣ ಕರ್ನಾಟಕಕ್ಕೆ ಬಂದ ಮೇಲೆ ಕಟ್ಟುನಿಟ್ಟು ಇನ್ನೂ ಹೆಚ್ಚಿತು, ಕಿಟಕಿಗಳಿಗೆ ಬಲೆ ಬಂತು. ಆ ನೊಣವೂ ಕರೆಯದೆ ಬಂದು ಇನ್ನೂ ಹೊರಟಿಲ್ಲ ಎಂಬುದನ್ನು ಇಲ್ಲಿ ಸುಮ್ಮನೆ ಹೇಳಿ ಮುಂದಕ್ಕೆ ಹೋಗುತ್ತೇನೆ.

ಇದರಿಂದ ಯಾವ ನೆಂಟ ಮುನಿಸಿಕೊಂಡ? ನನಗೆ ತಿಳಿದಂತೆ ಯಾರೂ ಇಲ್ಲ. ಬರುವ ಮುಂಚೆ ಅವರೇ "ಹುಳ ಎಷ್ಟನೇ ಜ್ವರ?" ಎಂದು ವಿಚಾರಿಸಿಕೊಳ್ಳುತ್ತಿದ್ದರು. ನಾಲ್ಕನೇ ಜ್ವರ ಎಂದರೆ "ಸರಿ ಬಿಡಿ, ಹಣ್ಣಾಗಿ ಚಂದ್ರಿಕೆಗೆ ಬಿಟ್ಟ ಮೇಲೆ ಬರ್ತೀವಿ" ಎನ್ನುತ್ತಿದ್ದರು. ಬರುವುದಕ್ಕೆ ಮುಂಚೆ ಮನೆಯ ಅನುಕೂಲ ಕೇಳುವುದು, ಮನೆಯ ಒಂದು ಭಾಗಕ್ಕೆ ತಮಗೆ ಪ್ರವೇಶವಿಲ್ಲವೆಂದು ಒಪ್ಪುವುದು, ಮನೆಯ ದುಡಿಮೆಯ ವೇಳೆಗೆ ತಮ್ಮ ಓಡಾಟವನ್ನು ಹೊಂದಿಸಿಕೊಳ್ಳುವುದು ಇವೆಲ್ಲ ಮೇಷ್ಟ್ರ "ನಮ್ಮ ಕಾಲದಲ್ಲಿ" ಇದ್ದವು. ಹುಳುವಿಗೆ ಕೊಟ್ಟ ಮರ್ಯಾದೆಯನ್ನು ಎರಡನೇ ಪಿಯುಸಿ ಓದುವ ಮಗಳಿಗೂ ಕೊಡಿ ಎಂದರೆ ಮಾತ್ರ ಸಂಸ್ಕೃತಿ ಹಾಳಾಗುತ್ತದೆ!

ಮೂರನೆಯದು ದುಡ್ಡಿನ ಮಾತು. ನೆಂಟರ ಊಟದ ಲೆಕ್ಕ ಹಾಕುವುದು ನೀಚತನ ಎಂದು ಒಂದಲ್ಲ, ನಾಲ್ಕಾರು ಪತ್ರಗಳಿವೆ. ನೆಂಟರ ಮೇಲೆ ಪ್ರೀತಿ, ಅಕ್ಕಿ ಮೇಲೆ ಆಸೆ ಎಂಬ ಗಾದೆಯನ್ನೂ ನನ್ನ ಮುಖಕ್ಕೆ ಎಸೆದಿದ್ದಾರೆ. ಹಾಗಾದರೆ ಲೆಕ್ಕವನ್ನೇ ನೋಡೋಣ. ಕೆಂಗಲ್ಲಿಗೆ ಹತ್ತಿರದ ಒಂದು ಮನೆ, ಹೆಸರು ಬೇಡ. ಗಂಡ ಬಿಡದಿಯ ಕಡೆ ಒಂದು ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುತ್ತಾನೆ, ಕೈಗೆ ಬರುವ ಸಂಬಳ ತಿಂಗಳಿಗೆ 20,000 ರೂಪಾಯಿ. ಹೆಂಡತಿ ಹುಳು ಮೇಯಿಸುತ್ತಾಳೆ. ಇಬ್ಬರು ಮಕ್ಕಳು, ಎರಡು ಕೋಣೆ, ಒಂದು ಹಜಾರ, ಪಕ್ಕದಲ್ಲಿ ಶೀಟು ಹೊದಿಸಿದ ಹುಳುಮನೆ. ಜಾತ್ರೆಗೆಂದು ಗಂಡನ ಸೋದರಮಾವ, ಅತ್ತೆ ಮತ್ತು ಅವರ ವಯಸ್ಸಿಗೆ ಬಂದ ಮಗ ಬಂದರು. ಜಾತ್ರೆ ಮುಗಿಯಿತು, ದನಗಳೆಲ್ಲ ಹಗ್ಗ ಬಿಚ್ಚಿಸಿಕೊಂಡು ಹೋದವು, ಇವರು ಉಳಿದರು. ಒಟ್ಟು 24 ದಿನ.

ರಾಗಿ, ಅಕ್ಕಿ ಮನೆಯದೆಂದು ಬಿಡಿ. ದಿನಕ್ಕೆ ಒಂದು ಲೀಟರ್ ಹಾಲು ಹೆಚ್ಚಾಯಿತು, ಅದಕ್ಕೇ 1,100ರ ಮೇಲೆ. ತರಕಾರಿ ದಿನಕ್ಕೆ 60 ಎಂದರೂ 1,440. ಸೋದರಮಾವನಿಗೆ ಭಾನುವಾರ ಸೊಪ್ಪಿನ ಸಾರು ಇಡುವುದುಂಟೇ? ನಾಲ್ಕು ಭಾನುವಾರ ಒಂದೊಂದು ಕೆ.ಜಿ. ಮಟನ್ ಹೆಚ್ಚಿಗೆ ತಂದರು, 3,000 ರೂಪಾಯಿ. ಒಂದೂವರೆ ತಿಂಗಳು ಬರುತ್ತಿದ್ದ ಸಿಲಿಂಡರು ತಿಂಗಳಿಗೇ ಬರಿದಾಯಿತು. ಇವೆಲ್ಲ ಕಣ್ಣಿಗೆ ಕಾಣುವ ಖರ್ಚು. ಕಾಣದ ಖರ್ಚು ಕರೆಂಟಿನದು, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯೂನಿಟ್ ಪುಕ್ಕಟೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ತೀರ ಕಡಿಮೆ ಬಳಸುವ ಮನೆಗಳನ್ನು ಬಿಟ್ಟರೆ, 2022-23ರಲ್ಲಿ ಒಂದು ಮನೆ ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ ಅದರ ಮೇಲೆ ಶೇಕಡಾ 10 ಸೇರಿಸಿದರೆ ಬರುವುದು ಆ ಮನೆಯ ಪುಕ್ಕಟೆಯ ಪಾಲು. ಅದನ್ನು ಮೀರಿ 200ರೊಳಗೆ ಇದ್ದರೆ ಮೀರಿದ ಯೂನಿಟ್ಟುಗಳಿಗೆ ಮಾತ್ರ ದುಡ್ಡು. 200 ದಾಟಿದರೆ ಇಡೀ ಬಿಲ್ಲು ಕಟ್ಟಬೇಕು. ಈ ಮನೆಯ ಸರಾಸರಿ 155 ಇತ್ತು, ಪಾಲು ಸುಮಾರು 170. ಸಾಮಾನ್ಯವಾಗಿ 168ರಲ್ಲಿ ಮುಗಿಸಿ ಸೊನ್ನೆ ಬಿಲ್ಲು ಪಡೆಯುತ್ತಿದ್ದರು. ಎರಡು ಕಿಲೋವ್ಯಾಟಿನ ಗೀಸರು ಒಬ್ಬರ ಸ್ನಾನಕ್ಕೆ ಕಾಲು ಗಂಟೆ ಉರಿದರೆ ಅರ್ಧ ಯೂನಿಟ್ಟು. ಮೂವರಿಗೆ ದಿನಕ್ಕೆ ಒಂದೂವರೆ, 24 ದಿನಕ್ಕೆ 36. ಎಲ್ಲ ಒಂದೇ ರೀಡಿಂಗಿನಲ್ಲಿ ಬಿತ್ತು. 168ಕ್ಕೆ 36 ಸೇರಿಸಿ, 204. ಟೀವಿ, ಫ್ಯಾನು ಲೆಕ್ಕಕ್ಕೇ ತಂದಿಲ್ಲ. ಸೊನ್ನೆ ಬರುತ್ತಿದ್ದ ಬಿಲ್ಲು ಸಾವಿರ ದಾಟಿತು. ಇದೇ ಮಾವ ನಾಲ್ಕು ದಿನ ಮುಂಚೆ ಹೊರಟಿದ್ದರೆ 198ಕ್ಕೆ ನಿಲ್ಲುತ್ತಿತ್ತು, 28 ಯೂನಿಟ್ಟಿನ ದುಡ್ಡು ಕಟ್ಟಿದ್ದರೆ ಮುಗಿಯುತ್ತಿತ್ತು. ಹೊರಡುವ ದಿನ ಕೇಳುವುದರಿಂದ ಏನು ಲಾಭ ಎಂದು ಕೇಳಿದವರಿಗೆ ಇದೊಂದು ಸಣ್ಣ ಉತ್ತರ.

ಒಟ್ಟು ಏಳು ಸಾವಿರದ ಆಚೀಚೆ. ಸಂಬಳದ ಮೂರನೇ ಒಂದು ಪಾಲಿಗಿಂತ ಹೆಚ್ಚು. ಇದನ್ನು ಎಣಿಸುವುದು ನೀಚತನವಾದರೆ ಒಂದು ಪ್ರಶ್ನೆ. ಮದುವೆಮನೆಯಲ್ಲಿ ಮುಯ್ಯಿ ಬರೆಯುವವನ ಪಕ್ಕ ಕೂತು, ಯಾರು 500 ಹಾಕಿದರು, ಯಾರು ತಾವು ಹಾಕಿದ 1,000ಕ್ಕೆ 500 ಹಿಂದಿರುಗಿಸಿದರು ಎಂದು ಪುಸ್ತಕ ನೋಡಿ ಹಲ್ಲು ಕಡಿಯುವವರು ಯಾರು? ಆ ಪುಸ್ತಕವನ್ನು ಹತ್ತು ಹದಿನೈದು ವರ್ಷ ಟ್ರಂಕಿನಲ್ಲಿ ಜೋಪಾನ ಮಾಡಿ, ಎದುರು ಮನೆಯ ಮದುವೆಗೆ ಅದನ್ನು ತೆಗೆದು ನೋಡಿಯೇ ಕವರಿಗೆ ನೋಟು ತುಂಬುವವರು ಯಾರು? ಕೊಟ್ಟ ಮುಯ್ಯಿಗೆ ಪುಸ್ತಕವಿರಬಹುದು, ಉಂಡ ಅನ್ನಕ್ಕೆ ಇರಬಾರದು ಎಂಬುದಕ್ಕೆ ಒಂದೇ ಕಾರಣ ನನಗೆ ಹೊಳೆಯುತ್ತದೆ. ಪತ್ರ ಬರೆದವರು ಮೊದಲನೆಯದರಲ್ಲಿ ಕೊಟ್ಟವರು, ಎರಡನೆಯದರಲ್ಲಿ ಉಂಡವರು. ಗಾದೆ ಎಸೆದವರಿಗೆ ನಮ್ಮ ಕಡೆಯ ಇನ್ನೊಂದು ಗಾದೆಯೂ ಗೊತ್ತಿರಬೇಕಲ್ಲ. ಕೂತು ಉಣ್ಣೋನಿಗೆ ಕುಡಿಕೆ ಹೊನ್ನೂ ಸಾಲದು.

ನಾಲ್ಕನೆಯದು, ಪ್ರೈವೆಸಿ ಎಂಬುದು ಪೇಟೆಯ ಕಾಯಿಲೆ, ಹಳ್ಳಿಗೆ ಯಾಕೆ ತರುತ್ತೀರಿ ಎಂಬ ಆಕ್ಷೇಪ. ಮೇಲೆ ಹೇಳಿದ ಮನೆಗೇ ಹಿಂದಿರುಗೋಣ. ಅತ್ತೆ ಮಾವನಿಗೆ ಒಂದು ಕೋಣೆ ಹೋಯಿತು. ಮಗ ಹಜಾರದಲ್ಲಿ ಮಲಗಿದ. ಪೂರ್ವಸಿದ್ಧತಾ ಪರೀಕ್ಷೆಗೆ ಓದಬೇಕಾದ ಮಗಳು ಅಡುಗೆಮನೆಯಲ್ಲಿ ಗ್ಯಾಸಿನ ಪಕ್ಕ ಪುಸ್ತಕ ಹಿಡಿದಳು. ಬಟ್ಟೆ ಬದಲಿಸಲು ಬಚ್ಚಲೊಂದೇ ಗತಿ. ರಾತ್ರಿ ಪಾಳಿ ಮುಗಿಸಿ ಬೆಳಗ್ಗೆ ಬಂದು ಮಲಗಬೇಕಾದ ಗಂಡನ ತಲೆದೆಸೆಯಲ್ಲೇ ಟೀವಿ. ಒಂದು ಸಂಜೆ ಆ ಹುಡುಗ ಸೊಳ್ಳೆ ಕಾಟವೆಂದು ಹುಳುಮನೆಯ ಕಿಟಕಿಗೆ ತಾಗಿದಂತೆ ಸೊಳ್ಳೆಬತ್ತಿ ಹಚ್ಚಿದ. ಸೊಳ್ಳೆಗೆ ಮಾಡಿದ ವಿಷ ಹುಳುವಿಗೂ ವಿಷ. ಆಕೆ ಓಡಿಬಂದು ಕಾಲಲ್ಲಿ ಹೊಸಕಿ ಆರಿಸಿದಳು. "ಇಷ್ಟಕ್ಕೆಲ್ಲ ಹಿಂಗಾಡ್ತಾಳಲ್ಲ" ಎಂದು ಅತ್ತೆಗೆ ಬೇಸರವಾಯಿತು. ಇದೇ ಅತ್ತೆ ಮಾವ ಮಧ್ಯಾಹ್ನ ಉಂಡ ಮೇಲೆ ಕೋಣೆಯ ಚಿಲಕ ಹಾಕಿಕೊಂಡು ಒಂದು ನಿದ್ದೆ ತೆಗೆಯುತ್ತಿದ್ದರು, ಮಕ್ಕಳು ಗಲಾಟೆ ಮಾಡಿದರೆ ಒಳಗಿನಿಂದಲೇ ಗದರುತ್ತಿದ್ದರು. ಅಂದರೆ ಬಾಗಿಲು ಹಾಕಿಕೊಳ್ಳುವ ಸುಖ ಹಳ್ಳಿಯವರಿಗೂ ಗೊತ್ತಿದೆ. ಬೇರೆಯವರ ಮನೆಯಲ್ಲಿ ತಾವು ಹಾಕಿಕೊಂಡರೆ ವಿಶ್ರಾಂತಿ, ಆ ಮನೆಯ ಹುಡುಗಿ ಹಾಕಿಕೊಂಡರೆ ಪೇಟೆಯ ಕಾಯಿಲೆ.

ಐದನೆಯದಕ್ಕೆ ಸ್ವಲ್ಪ ತೂಕವಿದೆ. ಚನ್ನಪಟ್ಟಣದ ಓದುಗಿಯೊಬ್ಬರು ಬರೆಯುತ್ತಾರೆ: "ನೀವು ಹೇಳೋದೆಲ್ಲ ಸರಿ. ಆದರೆ ಬಾಯಿಬಿಟ್ಟು ಹೇಳಿದರೆ ಸಂಬಂಧ ಮುರಿದುಹೋಗುತ್ತೆ." ಹೇಳದೆ ಇದ್ದ ಮನೆಯಲ್ಲಿ ಏನಾಗುತ್ತದೆ ಎಂಬುದನ್ನು ಅವರೇ ಮುಂದಿನ ಸಾಲಿನಲ್ಲಿ ಬರೆದಿದ್ದಾರೆ. ಹತ್ತನೇ ದಿನದಿಂದ ಸಾರು ತೆಳ್ಳಗಾಯಿತು, ಪಾತ್ರೆಗಳ ಸದ್ದು ಜೋರಾಯಿತು, ಗಂಡ ಹೆಂಡತಿ ಹಿತ್ತಲಿಗೆ ಹೋಗಿ ಪಿಸುದನಿಯಲ್ಲಿ ಜಗಳವಾಡಿದರು, ಕೊನೆಗೆ ನಾದಿನಿ ಅಳುತ್ತ ಬ್ಯಾಗು ತುಂಬಿದಳು, ಎರಡು ವರ್ಷದಿಂದ ಮಾತಿಲ್ಲ. ಸ್ವಾಮಿ, ಈ ಸಂಬಂಧ ಮುರಿದದ್ದು ಹೇಳಿದ್ದರಿಂದಲೋ ಹೇಳದೆ ಇದ್ದದ್ದರಿಂದಲೋ? ಅವರ ಪತ್ರವೇ ನನ್ನ ಕಡೆಯ ಸಾಕ್ಷಿ.

ಹೇಳುವ ರೀತಿ ಗೊತ್ತಿಲ್ಲ ಎಂದರೆ ಅದು ಬೇರೆ ವಿಷಯ, ಅದನ್ನು ಹೇಳುತ್ತೇನೆ. ಮೊದಲನೆಯದಾಗಿ, ಹೇಳಬೇಕಾದ ಹೊತ್ತು ಬಂದವರು ಚಪ್ಪಲಿ ಬಿಡುವುದಕ್ಕೆ ಮುಂಚೆ, ಫೋನಿನಲ್ಲಿ. "ಬನ್ನಿ ಮಾವ, ಜಾತ್ರೆಗೆ ಬರದೆ ಇರ್ತೀರಾ? ಶುಕ್ರವಾರ ಬಂದ್ರೆ ಮಂಗಳವಾರ ಬೆಳಗ್ಗೆ ತಿಂಡಿ ತಿನ್ಕೊಂಡು ಹೊರಡೋ ಹಂಗೆ ಬನ್ನಿ. ಬುಧವಾರದಿಂದ ಮಗೀಗೆ ಪರೀಕ್ಷೆ, ಹುಳಾನೂ ಜ್ವರ ಏಳ್ತವೆ." ಇದರಲ್ಲಿ ಕರೆಯುವುದೂ ಇದೆ, ದಿನವೂ ಇದೆ, ಕಾರಣವೂ ಇದೆ. ಕೇಳಿದವರಿಗೆ ನೋಯುವಂಥದ್ದು ಒಂದೂ ಇಲ್ಲ. ಇದೇ ಮಾತನ್ನು ಹದಿನೈದನೇ ದಿನ ಹೇಳಿದರೆ ಹೊರದಬ್ಬಿದ ಹಾಗೆ ಕೇಳುತ್ತದೆ. ಮಾತು ಕೆಟ್ಟದ್ದಲ್ಲ, ಹೊತ್ತು ಮೀರಿದ್ದು.

ಎರಡನೆಯದು, ಯಾರ ಕಡೆಯ ನೆಂಟರೋ ಅವರೇ ಹೇಳಬೇಕು. ಗಂಡನ ಸೋದರಮಾವನಿಗೆ ಗಂಡ, ಹೆಂಡತಿಯ ತಮ್ಮನಿಗೆ ಹೆಂಡತಿ. ನಮ್ಮಲ್ಲಿ ಗಂಡಸರು ಇದರಲ್ಲಿ ಮಹಾ ಚಾಲಾಕು. ಮಾವನ ಎದುರು "ಇನ್ನೂ ಎರಡು ದಿನ ಇರಿ ಮಾವ" ಎನ್ನುತ್ತಾರೆ, ಅಡುಗೆಮನೆಗೆ ಬಂದು ಹೆಂಡತಿಗೆ "ನೀನೇ ಏನಾದ್ರೂ ಹೇಳು" ಎನ್ನುತ್ತಾರೆ. ಒಳ್ಳೆಯತನ ಇವರ ಪಾಲಿಗೆ, ಬಿಲ್ಲು ಬೈಗುಳ ಎರಡೂ ಅವಳ ಪಾಲಿಗೆ. ಅಕ್ಕನ ಮಗ ಹೇಳಿದರೆ ಸಲಿಗೆಯಾಗುವ ಮಾತು ಸೊಸೆ ಹೇಳಿದರೆ ಪಂಚಾಯ್ತಿಗೆ ಬರುತ್ತದೆ.

ಮೂರನೆಯದು, ಸುಳ್ಳು ಕಾರಣ ಹೇಳಬಾರದು. ಊರಿಗೆ ಹೋಗುತ್ತಿದ್ದೇವೆ ಎಂದವರು ನಿಜಕ್ಕೂ ಬೀಗ ಹಾಕಿಕೊಂಡು ಎರಡು ದಿನ ಎಲ್ಲಾದರೂ ತಿರುಗಬೇಕಾಗುತ್ತದೆ, ಮೂರನೇ ದಿನ ರಾಮನಗರದ ಬಸ್‌ಸ್ಟ್ಯಾಂಡಿನಲ್ಲಿ ಅದೇ ನೆಂಟರ ಕೈಗೆ ಸಿಕ್ಕಿಬೀಳುತ್ತಾರೆ. ಪರೀಕ್ಷೆ, ಹುಳು, ಪಾಳಿ, ದುಡ್ಡಿನ ಬಿಗಿ ಇವೆಲ್ಲ ನಿಜವಾದ ಕಾರಣಗಳು, ನಿಜವನ್ನು ಹೇಳುವುದೇ ಸಲೀಸು. ಪಾಲು ಕೇಳುವಾಗ ಮಾತ್ರ ದುಡ್ಡಿನ ಮಾತು ಬೇಡ, ಸಾಮಾನಿನ ಮಾತು ಸಾಕು. "ಅತ್ತೆ, ಸಂಜೆ ಪೇಟೆ ಕಡೆ ಹೋದ್ರೆ ತರಕಾರಿ ತಂದ್ಬಿಡಿ." ದುಡಿಯುವ ಹುಡುಗನಿದ್ದರೆ, "ಸಿಲಿಂಡರ್ ಬುಕ್ ಮಾಡಿದೀನಿ, ಈ ಸಲದ್ದು ನೀನ್ ಕೊಡಪ್ಪ." ಮನಸ್ಸಿದ್ದವರು ಸಂತೋಷವಾಗಿ ಕೊಡುತ್ತಾರೆ. ಇಲ್ಲದವರಿಗೆ ಊರಲ್ಲಿ ಏನೋ ಕೆಲಸ ನೆನಪಾಗುತ್ತದೆ. ಎರಡೂ ಒಳ್ಳೆಯದೇ.

ಮೊದಲೇ ದಿನ ಕೇಳಿರಲಿಲ್ಲ, ಈಗಾಗಲೇ ಬಂದು ಕೂತಿದ್ದಾರೆ ಎನ್ನುವವರಿಗೂ ದಾರಿಯಿದೆ. ನಾಲ್ಕನೇ ದಿನ ರಾತ್ರಿ, ಊಟವಾದ ಮೇಲೆ, ಎಲ್ಲರೂ ಇರುವಾಗ, ಇನ್ನೂ ಮೂರು ದಿನ ಮುಂದಿನ ಒಂದು ದಿನವನ್ನು ಹೆಸರು ಹಿಡಿದು ಹೇಳಬೇಕು. "ಭಾನುವಾರದವರೆಗೂ ಇದ್ದು ಹೋಗಿ ಮಾವ, ಬಾಡೂಟ ಮಾಡಾಣ. ಸಾಯಂಕಾಲ ನಾನೇ ಬಂದು ಬಸ್ ಹತ್ತಿಸ್ತೀನಿ." ಇರಿ ಎಂಬ ಮಾತಿನೊಳಗೇ ಹೋಗಿ ಎಂಬುದೂ ಕೂತಿದೆ. ಸಿದ್ಧತೆಗೆ ವೇಳೆಯೂ ಸಿಕ್ಕಿತು, ಮರ್ಯಾದೆಯೂ ಉಳಿಯಿತು. ಭಾನುವಾರ ಬಂದಾಗ ಮಾತ್ರ ಬೈಕು ತೆಗೆಯಲೇಬೇಕು. ಅಂದು "ನಾಳೆ ಹೋದರಾಯ್ತು ಬಿಡಿ" ಎಂದು ನೀವೇ ಬಾಯಿಜಾರಿದರೆ ನಿಮ್ಮ ಪರವಾಗಿ ವಾದಿಸಲು ನನ್ನಿಂದ ಆಗುವುದಿಲ್ಲ.

ಉಳಿದದ್ದು ಎದುರಾಳಿಗಳ ಕೊನೆಯ ಅಸ್ತ್ರ. ಆಸ್ಪತ್ರೆಗೆಂದು ಬಂದವರನ್ನು, ಬಾಣಂತನಕ್ಕೆ ಬಂದ ಮಗಳನ್ನು, ಗಂಡನ ಹೊಡೆತ ತಾಳದೆ ಓಡಿಬಂದ ತಂಗಿಯನ್ನು ಕೂಡ ಮಂಗಳವಾರ ಹೊರಡು ಎನ್ನುತ್ತೀರಾ ಎಂದು ಮೇಷ್ಟ್ರು ಗುಡುಗಿದ್ದಾರೆ. ಇಲ್ಲ, ಎನ್ನುವುದಿಲ್ಲ. ಬಾಣಂತನಕ್ಕೆ ಬಂದ ಮಗಳು ನೆಂಟಳಲ್ಲ, ಅದು ಅವಳ ಮನೆ. ಏಟು ತಿಂದು ಬಂದ ತಂಗಿಗೂ ಅಷ್ಟೇ. ವಯಸ್ಸಾದ ತಂದೆತಾಯಿಗೂ ಅಷ್ಟೇ. ನಾನು ಬರೆದದ್ದು ನೆಂಟರ ಬಗ್ಗೆ. ಮೇಷ್ಟ್ರು ಮಾಡಿರುವ ಕೈಚಳಕ ನೋಡಿ. ಪ್ರಶ್ನೆ ಎದ್ದದ್ದು ಸೋಫಾದ ಮೇಲಿನ ಅಳಿಯನ ಬಗ್ಗೆ, ಉತ್ತರ ಕೊಡುವಾಗ ಅವನ ಮುಂದೆ ಒಬ್ಬ ರೋಗಿಯನ್ನು ತಂದು ಮಲಗಿಸಿದ್ದಾರೆ. ರೋಗಿಯನ್ನು ನೋಡಿ ನಮ್ಮ ಕಣ್ಣು ತುಂಬುವಷ್ಟರಲ್ಲಿ ಅಳಿಯ ಇನ್ನೊಂದು ಲೋಟ ಕಾಫಿ ಕುಡಿದಿರುತ್ತಾನೆ.

ಆಸ್ಪತ್ರೆಯ ವಿಷಯದಲ್ಲೂ ವಿವೇಚನೆ ಬೇಕು. ರಾಮನಗರ, ಚನ್ನಪಟ್ಟಣ ಎರಡೂ ಬೆಂಗಳೂರು–ಮೈಸೂರು ರೈಲು ದಾರಿಯ ಮೇಲಿವೆ, ಬೆಳಗ್ಗೆ ಹೋಗಿ ಸಂಜೆ ಬರುವ ಸಾವಿರಾರು ಜನ ನಮ್ಮಲ್ಲೇ ಇದ್ದಾರೆ. ತಿಂಗಳಿಗೊಮ್ಮೆ ತೋರಿಸಲು ಹೋಗುವವರು ಬೆಂಗಳೂರಿನ ತಂಗಿಯ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ವಾರಗಟ್ಟಲೆ ಬೀಡುಬಿಡಬೇಕಾಗಿಲ್ಲ. ದಿನಾ ಚಿಕಿತ್ಸೆ ಇರುವವರ ಮಾತು ಬೇರೆ. ಅಂಥವರಿಗೂ ಅವರ ಜತೆಯವರಿಗೂ ಉಳಿಯಲು ಕಿದ್ವಾಯಿಯಲ್ಲಿ, ನಿಮ್ಹಾನ್ಸ್‌ನಲ್ಲಿ ಧರ್ಮಶಾಲೆಗಳಿವೆ. ಮೊದಲು ಅಲ್ಲಿ ವಿಚಾರಿಸಿ, ಜಾಗವಿಲ್ಲದಿದ್ದರೆ ಮನೆಗೆ ಕರೆಯಲಿ. ಕರೆದ ಮೇಲೂ ರೋಗಿಯ ಜತೆ ಒಬ್ಬರೇ ಇರುವುದು, ಊಟ ಹೊತ್ತುಕೊಂಡು ಹೋಗುವ ಕೆಲಸ ನೆಂಟರೇ ಮಾಡುವುದು, ಚಿಕಿತ್ಸೆ ಮುಗಿದ ದಿನ ಹೊರಡುವುದು ಎಂದು ಮೊದಲೇ ಮಾತಾಡಿಕೊಂಡರೆ ತಂಗಿಯ ಮನೆ ಉಳಿಯುತ್ತದೆ. ನಾನು ಕಂಡ ಕೆಲವು ಮನೆಗಳಲ್ಲಿ ರೋಗಿ ಗುಣವಾಗಿ ಊರು ಸೇರಿದ್ದ, ಜತೆಗೆ ಬಂದವನು ಮಾತ್ರ ಬೆಂಗಳೂರು ನೋಡುತ್ತ ಅಲ್ಲೇ ಇದ್ದ.

ಮೇಷ್ಟ್ರು ಪತ್ರದ ಕೊನೆಗೆ ಒಂದು ಸವಾಲು ಹಾಕಿದ್ದಾರೆ. ಸಂಸಾರ ಸಮೇತ ನಿಮ್ಮ ಮನೆಗೇ ಬಂದು ಬೀಡುಬಿಡುತ್ತೇನೆ, ಆಗ ಅದೇನು ಹೇಳುತ್ತೀರೋ ನೋಡೋಣ ಎಂದು. ಖಂಡಿತ ಬನ್ನಿ ಮೇಷ್ಟ್ರೇ. ಮುಂದಿನ ಶುಕ್ರವಾರ ಸಂಜೆ ಬಂದರೆ ಅನುಕೂಲ. ಶನಿವಾರ ಆಂಜನೇಯನ ದರ್ಶನ ಮಾಡಿಸುತ್ತೇನೆ, ಭಾನುವಾರ ನಾಟಿ ಕೋಳಿ ಸಾರು, ಮುದ್ದೆ. ಸೋಮವಾರ ಬೆಳಗ್ಗೆ ಇಡ್ಲಿ ತಿಂದ ಮೇಲೆ ನಿಮ್ಮನ್ನು ಕನಕಪುರದ ಬಸ್ಸು ಹತ್ತಿಸುತ್ತೇನೆ. ಮಂಗಳವಾರದ ಹೊತ್ತಿಗೆ ನಮ್ಮ ಹುಳು ನಾಲ್ಕನೇ ಜ್ವರ ಏಳುತ್ತವೆ. ನಿಲ್ಲಲೇಬೇಕು ಎಂಬ ಹಟವಿದ್ದರೆ ಅದಕ್ಕೂ ನನ್ನ ತಕರಾರಿಲ್ಲ, ಸೊಪ್ಪು ಕೊಯ್ಯಲು ಆಳು ಸಿಗುತ್ತಿಲ್ಲ.